ಬಿಲ್ಲಿನ ಸಾಲುಗಳಲ್ಲಿ ಒಂದು ಪೈಸೆ ತಪ್ಪದಿರಲು

ಪುಣೆಯಲ್ಲಿ ರಫ್ತು ಲೆಕ್ಕ ನೋಡುವ ಕನ್ನಡ ಬಂಧುಗಳಿಗೆ ನಮಸ್ಕಾರ. ಡಾಲರ್ ಬಿಲ್ಲನ್ನು ರೂಪಾಯಿಗೆ ತರುವಾಗ ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ಸರಿಹೊಂದಿಸಿದರೆ, ಅವುಗಳ ಮೊತ್ತ ಒಟ್ಟು ಮೊತ್ತಕ್ಕೆ ತಾಳೆಯಾಗದೆ ಹೋಗಬಹುದು.

ದರ 83.27 ಇದ್ದು, ಸಾಲುಗಳು 12.35, 7.20 ಮತ್ತು 20.40 ಡಾಲರ್ ಆಗಿವೆ ಎಂದಿಟ್ಟುಕೊಳ್ಳಿ. ಗುಣಿಸಿದಾಗ 1028.3845, 599.544 ಮತ್ತು 1698.708 ಬರುತ್ತವೆ. ಇವನ್ನು ಪೈಸೆಗೆ ಸರಿಹೊಂದಿಸಿ ಕೂಡಿದರೆ 3326.63 ಆಗುತ್ತದೆ, ಆದರೆ ಒಟ್ಟು 39.95 ಡಾಲರನ್ನು ನೇರವಾಗಿ ಪರಿವರ್ತಿಸಿದರೆ 3326.64 ಸಿಗುತ್ತದೆ.

ಆದ್ದರಿಂದ ಮೊದಲು ಒಟ್ಟು ಮೊತ್ತವನ್ನೇ ನಿಗದಿಪಡಿಸಿ. ಬಳಿಕ ಪ್ರತಿ ಸಾಲಿನಲ್ಲೂ ಪೈಸೆಯ ನಂತರದ ಅಂಕಿಗಳನ್ನು ಕತ್ತರಿಸಿಬಿಡಿ. ಸಾಲಿನ ಡಾಲರ್ ಮೊತ್ತ A2 ಕೋಶದಲ್ಲೂ ದರ B1 ಕೋಶದಲ್ಲೂ ಇದ್ದರೆ, ಎಕ್ಸೆಲ್‌ನಲ್ಲಿ ಇದಕ್ಕೆ ಹೀಗೆ ಬರೆಯಬೇಕು:

```
=ROUNDDOWN(A2*$B$1,2)
```

ಕತ್ತರಿಸಿದ ಸಾಲುಗಳ ಮೊತ್ತ 3326.62, ಅಂದರೆ ಎರಡು ಪೈಸೆ ಬಾಕಿ. ಕತ್ತರಿಸುವಾಗ ಹೆಚ್ಚು ಕಳೆದುಕೊಂಡ ಸಾಲಿಗೆ, ಅಂದರೆ ಮೂರನೆಯದಕ್ಕೆ, ಒಂದು ಪೈಸೆಯನ್ನೂ, ಅದರ ನಂತರದ ಮೊದಲನೆಯದಕ್ಕೆ ಇನ್ನೊಂದನ್ನೂ ಕೊಟ್ಟರೆ 1028.39, 599.54, 1698.71 ಆಗಿ ಮೊತ್ತ ಕೂಡುತ್ತದೆ. ಯಾವ ಸಾಲೂ ತನ್ನ ನಿಜ ಬೆಲೆಯಿಂದ ಒಂದು ಪೈಸೆಯಷ್ಟು ಸರಿಯುವುದಿಲ್ಲ. ಕೊನೆಯ ಸಾಲಿಗೇ ವ್ಯತ್ಯಾಸವನ್ನೆಲ್ಲ ತುಂಬುವ ರೂಢಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ನೂರು ಸಾಲುಗಳ ಬಿಲ್ಲಿನಲ್ಲಿ ಆ ಒಂದೇ ಸಾಲು ಹಲವು ಪೈಸೆ ತಪ್ಪಬಹುದು. ಎರಡು ಸಾಲುಗಳು ಸಮನಾಗಿ ಕಳೆದುಕೊಂಡಿದ್ದರೆ ಬಿಲ್ಲಿನಲ್ಲಿ ಮೊದಲು ಬರುವ ಸಾಲಿಗೇ ಪೈಸೆ ಕೊಡಿ; ಆಗ ಮತ್ತೆ ಲೆಕ್ಕ ಹಾಕಿದವರಿಗೂ ಇದೇ ಉತ್ತರ ಬರುತ್ತದೆ.