ಮೊದಲ ಮೂತ್ರ ಚೆಲ್ಲಿ, ಕೊನೆಯದನ್ನು ಹಿಡಿಯಿರಿ

ಇಪ್ಪತ್ತನಾಲ್ಕು ಗಂಟೆಯ ಮೂತ್ರ ಸಂಗ್ರಹಿಸಿ ತನ್ನಿ ಎಂದು ವೈದ್ಯರು ಚೀಟಿ ಬರೆದರೆ ಕೆಲಸ ಸುಲಭವೆಂದೇ ಎಲ್ಲರೂ ತಿಳಿಯುತ್ತಾರೆ. ಕಲಬುರಗಿಯ ಒಂದು ಲ್ಯಾಬಿನಲ್ಲಿ ಈ ಕ್ಯಾನುಗಳನ್ನು ಅಳೆಯುತ್ತಾ ಬಂದ ನಾನು, ಸರಿಯಾಗಿ ತುಂಬಿದ ಕ್ಯಾನು ಕಂಡರೆ ಸಂತೋಷಪಡುತ್ತೇನೆ. ಅಷ್ಟು ಅಪರೂಪ ಅದು.

ಸಾಧ್ಯವಾದರೆ ರಜೆಯ ದಿನ ಆರಿಸಿ. ಕ್ಯಾನನ್ನು ಲ್ಯಾಬಿನಿಂದಲೇ ಪಡೆಯಿರಿ. ತಂಪು ಪಾನೀಯದ ಬಾಟಲಿ, ಎಣ್ಣೆಯ ಡಬ್ಬಿ ಬೇಡ. ಕಲ್ಲಿನ ತೊಂದರೆಗೆ ಕ್ಯಾಲ್ಸಿಯಂ ನೋಡುವುದಿದ್ದರೆ ಕ್ಯಾನಿನ ತಳದಲ್ಲಿ ಸ್ವಲ್ಪ ಆಮ್ಲ ಹಾಕಿ ಕೊಡುವುದುಂಟು. ಅದು ನೀರೆಂದು ಚೆಲ್ಲಿ ತೊಳೆದು ತಂದವರನ್ನು ನೋಡಿದ್ದೇನೆ. ಚೆಲ್ಲಬೇಡಿ, ನೇರವಾಗಿ ಅದರೊಳಗೆ ಮೂತ್ರವನ್ನೂ ಮಾಡಬೇಡಿ, ಚರ್ಮ ಸುಟ್ಟೀತು. ಒಣಗಿದ ಮಗ್ಗಿನಲ್ಲಿ ಹಿಡಿದು ನಿಧಾನವಾಗಿ ಸುರಿಯಿರಿ.

ಎಡವುವುದು ಮುಂದಿನ ಹಂತದಲ್ಲಿ. ಬೆಳಿಗ್ಗೆ ಆರಕ್ಕೆ ಎದ್ದರೆ ಆ ಮೊದಲ ಮೂತ್ರವನ್ನು ಶೌಚಾಲಯಕ್ಕೇ ಬಿಡಬೇಕು, ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕು. ಅದು ರಾತ್ರಿಯಿಡೀ ಮೂತ್ರಕೋಶದಲ್ಲಿ ತುಂಬಿದ್ದು, ನಿನ್ನೆಯ ಲೆಕ್ಕಕ್ಕೆ ಸೇರಿದ್ದು. ಅಲ್ಲಿಂದ ಒಂದು ಹನಿಯೂ ಹೊರಗೆ ಹೋಗಬಾರದು. ಮರುದಿನ ಬೆಳಿಗ್ಗೆ ಅದೇ ಆರು ಗಂಟೆಗೆ, ಒತ್ತಡ ಇರಲಿ ಬಿಡಲಿ, ಮೂತ್ರ ಮಾಡಿ ಅದನ್ನು ಕ್ಯಾನಿಗೆ ಸೇರಿಸಬೇಕು. ಎರಡೂ ಬೆಳಗಿನದನ್ನು ಹಾಕಿದರೆ ಲೆಕ್ಕ ಹೆಚ್ಚು, ಎರಡನ್ನೂ ಬಿಟ್ಟರೆ ಕಡಿಮೆ. ಮಲವಿಸರ್ಜನೆಗೆ ಕೂರುವ ಮೊದಲೇ ಮೂತ್ರವನ್ನು ಮಗ್ಗಿಗೆ ಹಿಡಿದುಬಿಡಿ. ಬಹಳ ಜನ ಕಳೆದುಕೊಳ್ಳುವುದು ಅಲ್ಲಿಯೇ. ಒಂದು ಸಲದ್ದು ತಪ್ಪಿದರೂ ಮುಚ್ಚಿಡದೆ ಹೇಳಿ, ಮತ್ತೊಂದು ದಿನ ಹೊಸದಾಗಿ ಶುರು ಮಾಡಬಹುದು. ನೀರು ಬೆರೆಸಿ ಅಳತೆ ಸರಿಮಾಡುವ ಜಾಣತನ ಮಾತ್ರ ಬೇಡ.

ಬೇಸಿಗೆಯಲ್ಲಿ ಕ್ಯಾನನ್ನು ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಐಸ್ ಹಾಕಿದ ಬಕೆಟ್ ಸಾಕು. ತರುವಾಗ ಪೂರ್ತಿ ಕ್ಯಾನು ತನ್ನಿ. ಭಾರವೆಂದು ಸಣ್ಣ ಬಾಟಲಿಗೆ ಒಂದಿಷ್ಟು ಸುರಿದು ತಂದರೆ ನಮಗೆ ಒಟ್ಟು ಅಳತೆಯೇ ಸಿಗುವುದಿಲ್ಲ.

ನೀವು ಎಲ್ಲವನ್ನೂ ಹಿಡಿದಿರೋ ಇಲ್ಲವೋ ಎಂಬುದನ್ನು ಹೇಳುವುದು ಕ್ರಿಯಾಟಿನಿನ್. ಸ್ನಾಯುಗಳಿಂದ ಹುಟ್ಟುವ ಈ ವಸ್ತು ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬರುತ್ತದೆ. ವಯಸ್ಕ ಗಂಡಸರಲ್ಲಿ ತೂಕದ ಕಿಲೋಗೆ ಸುಮಾರು 20ರಿಂದ 25 ಮಿಲಿಗ್ರಾಂ, ಹೆಂಗಸರಲ್ಲಿ 15ರಿಂದ 20. ಹಾಗಾಗಿ ಚೀಟಿಯಲ್ಲಿ ನಿಮ್ಮ ತೂಕ ಬರೆಸಿ.

ಬೇಳೆ ಮಿಲ್ಲಿನಲ್ಲಿ ಮೂಟೆ ಹೊರುವ ಒಬ್ಬರು, 60 ಕಿಲೋ ತೂಕ, ಎರಡು ಸಲ ಕಲ್ಲಿನ ನೋವು ತಿಂದವರು, 1,100 ಮಿಲಿಲೀಟರ್ ತಂದರು. ಕ್ಯಾಲ್ಸಿಯಂ 100 ಮಿಲಿಲೀಟರಿಗೆ 14 ಮಿಲಿಗ್ರಾಂ, ಅಂದರೆ ದಿನಕ್ಕೆ 154. ಗಂಡಸರಿಗೆ ಸಾಮಾನ್ಯವಾಗಿ ಹೇಳುವ ಮಿತಿ 250. ಮೇಲುನೋಟಕ್ಕೆ, ಕ್ಯಾಲ್ಸಿಯಂ ಸರಿ, ನೀರು ಕಡಿಮೆ ಕುಡಿಯುತ್ತಾರೆ ಎಂದೇ ಅನ್ನಿಸುತ್ತದೆ. ಆದರೆ ಕ್ರಿಯಾಟಿನಿನ್ 100 ಮಿಲಿಲೀಟರಿಗೆ 70 ಮಿಲಿಗ್ರಾಂ ಇತ್ತು. 11ರಿಂದ ಗುಣಿಸಿದರೆ 770, ಕಿಲೋಗೆ 13ರ ಆಸುಪಾಸು. ಬರಬೇಕಾಗಿದ್ದುದು ಕನಿಷ್ಠ 1,200. ನಿಜವಾಗಿ ನೀರೇ ಕಡಿಮೆಯಾಗಿದ್ದರೆ ಮೂತ್ರ ಗಟ್ಟಿಯಾಗುತ್ತಿತ್ತು, ಕ್ರಿಯಾಟಿನಿನ್ ಪ್ರಮಾಣ 109 ದಾಟುತ್ತಿತ್ತು, ಒಟ್ಟು ಮೊತ್ತ ಮಾತ್ರ ಸರಿಯಿರುತ್ತಿತ್ತು. ಇಲ್ಲಿ ಮೂತ್ರವೇ ಕಾಣೆಯಾಗಿದೆ.

"ಮಿಲ್ಲಿಗೆ ಹೋಗಿದ್ದಿರಾ?" ಎಂದು ಕೇಳಿದೆ.

"ಮಧ್ಯಾಹ್ನದವರೆಗೆ ಹೋಗಿದ್ದೆ ಸಾಹೇಬರೇ. ಅಲ್ಲಿ ಎರಡು ಮೂರು ಸಲ ಆಯಿತು. ಡಬ್ಬಿ ಒಯ್ಯಲು ನಾಚಿಕೆ."

ಮತ್ತೆ ಭಾನುವಾರ ಹಿಡಿದರು. 1,900 ಮಿಲಿಲೀಟರ್, ಕ್ರಿಯಾಟಿನಿನ್ 72. ಒಟ್ಟು 1,368, ಕಿಲೋಗೆ 23ರಷ್ಟು. ಕ್ಯಾಲ್ಸಿಯಂ ಪ್ರಮಾಣ ಮೊದಲಿನ 14 ಮಿಲಿಗ್ರಾಮೇ, ಆದರೆ ದಿನದ ಮೊತ್ತ 266. ಮಿತಿ ಮೀರಿತ್ತು.

ಕಿಲೋಗೆ 30ರ ಹತ್ತಿರ ಬಂದರೆ ನಾನು ಮೊದಲು ಕೇಳುವುದು, "ಎರಡೂ ಬೆಳಗಿನದನ್ನು ಹಾಕಿದಿರಾ?" ಎಂದು. ಆದರೆ ಈ ಅಳತೆಯನ್ನು ಎಲ್ಲರ ಮೇಲೂ ಹಾಗೇ ಹೇರಬಾರದು. ಸ್ನಾಯು ಸವೆದ ಎಂಬತ್ತರ ಅಜ್ಜಿಗೆ ಕಿಲೋಗೆ 10 ಬಂದರೂ ಸಂಗ್ರಹ ಪೂರ್ಣವಾಗಿರಬಹುದು. ಬೊಜ್ಜು ಕ್ರಿಯಾಟಿನಿನ್ ಕೊಡದ ಕಾರಣ ದಪ್ಪಗಿರುವವರಲ್ಲೂ ಕಿಲೋ ಲೆಕ್ಕ ಕೆಳಗಿಳಿಯುತ್ತದೆ. ಅಂಥವರಿಗೆ ನಾನು ಎರಡು ಸಲ ಹಿಡಿಯಲು ಹೇಳುತ್ತೇನೆ. ಎರಡು ದಿನದ ಕ್ರಿಯಾಟಿನಿನ್ ಮೊತ್ತ ಒಂದಕ್ಕೊಂದು ಹತ್ತಿರವಿದ್ದರೆ ನಂಬುತ್ತೇನೆ, ಕಾಲುಭಾಗಕ್ಕಿಂತ ಹೆಚ್ಚು ಅಂತರವಿದ್ದರೆ ಮೂರನೆಯ ಕ್ಯಾನು ಕೊಡುತ್ತೇನೆ.