ಶ್ರೀಗಂಧದ ಎಣ್ಣೆಗೆ ಗುಲಾಬಿಯನ್ನು ಇಳಿಸುವ ಬಗೆ

ರಾಯಚೂರಿನ ಅತ್ತರಿನ ಅಂಗಡಿಯಲ್ಲಿ ಗುಲಾಬಿ ಅತ್ತರು ಕೇಳಿದರೆ, ಅಂಗಡಿಯವರು ಗಾಜಿನ ಕಡ್ಡಿಯನ್ನು ಸೀಸೆಗೆ ಅದ್ದಿ ಮುಂಗೈ ಮೇಲೆ ಒಂದು ಗೆರೆ ಎಳೆಯುತ್ತಾರೆ. ಅಸಲಿ ಅತ್ತರಾದರೆ ಆ ಗೆರೆ ಮೊದಲಿಗೆ ಅಷ್ಟಾಗಿ ಘಮಿಸುವುದಿಲ್ಲ. ಮೈಯ ಬಿಸಿ ತಾಗಿದ ಮೇಲೆ ಗುಲಾಬಿ ಏಳುತ್ತದೆ; ಸಂಜೆಯ ಹೊತ್ತಿಗೆ ಗುಲಾಬಿ ತಗ್ಗಿ ಶ್ರೀಗಂಧ ಉಳಿಯುತ್ತದೆ. ಈ ನಿಧಾನಕ್ಕೆ ಕಾರಣ ಅದನ್ನು ಬಟ್ಟಿ ಇಳಿಸುವ ಕ್ರಮದಲ್ಲಿದೆ.

ಈ ಕಸುಬಿನ ಊರು ಉತ್ತರ ಪ್ರದೇಶದ ಕನೌಜ್. ಅಲ್ಲಿ ಹೂ ಬೇಯಿಸುವ ತಾಮ್ರದ ಹಂಡೆಗೆ ಡೇಗ್ ಎಂದೂ, ಆವಿ ಬಂದು ಸೇರುವ ಉದ್ದ ಕುತ್ತಿಗೆಯ ತಾಮ್ರದ ಪಾತ್ರೆಗೆ ಭಪ್ಕಾ ಎಂದೂ ಹೆಸರು. ಬೆಳಗಿನ ಜಾವ ಕಿತ್ತ ಗುಲಾಬಿಯನ್ನು ಬಿಸಿಲೇರುವ ಮೊದಲೇ ಡೇಗಿಗೆ ಸುರಿದು, ನೀರು ಹಾಕಿ, ಮುಚ್ಚಳದ ಅಂಚಿಗೆ ಹತ್ತಿ ಬೆರೆಸಿ ನಾದಿದ ಮಣ್ಣನ್ನು ಮೆತ್ತುತ್ತಾರೆ. ಮುಚ್ಚಳದಿಂದ ಹೊರಟ ಬಿದಿರಿನ ಕೊಳವೆಗೆ ಹುರಿ ಸುತ್ತಿರುತ್ತದೆ. ಅದರ ಇನ್ನೊಂದು ತುದಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಭಪ್ಕಾದೊಳಗೆ ಇಳಿಯುತ್ತದೆ. ಭಪ್ಕಾ ಖಾಲಿ ಇರುವುದಿಲ್ಲ, ಅದರಲ್ಲಿ ಮೊದಲೇ ಶ್ರೀಗಂಧದ ಎಣ್ಣೆಯನ್ನು ತುಂಬಿರುತ್ತಾರೆ. ಇಡೀ ವಿದ್ಯೆಯ ತಿರುಳು ಇದೇ.

ಸೌದೆಯ ಸಣ್ಣ ಉರಿಯಲ್ಲಿ ನಾಲ್ಕೈದು ಗಂಟೆ ಹೂ ಬೇಯುತ್ತದೆ. ಆವಿಯು ಹೂವಿನ ಕಂಪನ್ನು ಹೊತ್ತು ಬಂದು ಭಪ್ಕಾದಲ್ಲಿ ತಣಿದಾಗ ನೀರು ನೀರಾಗುತ್ತದೆ, ಕಂಪು ಎಣ್ಣೆಗೆ ಸೇರುತ್ತದೆ. ಇಲ್ಲಿ ಉರಿ ಕಾಯುವವನ ಕೈಯೇ ಮಾಪಕ. ಅವನು ಆಗಾಗ ತೊಟ್ಟಿಯ ನೀರನ್ನೂ ಭಪ್ಕಾದ ಹೊಟ್ಟೆಯನ್ನೂ ಮುಟ್ಟಿ ನೋಡಿ, ನೀರು ಬೆಚ್ಚಗಾದರೆ ಬದಲಿಸುತ್ತಾನೆ. ಏಕೆಂದರೆ ಎಣ್ಣೆ ಬಿಸಿಯಾದರೆ ಹಿಡಿದ ಕಂಪು ಮತ್ತೆ ಹಾರಿಹೋಗುತ್ತದೆ. ಭಪ್ಕಾ ತುಂಬಿತೆಂದು ತಿಳಿದಾಗ ಡೇಗಿನ ಮೇಲೆ ಒದ್ದೆ ಬಟ್ಟೆ ಆಡಿಸಿ ಆವಿಯನ್ನು ತಗ್ಗಿಸಿ, ಆ ಬಿಡುವಿನಲ್ಲಿ ಇನ್ನೊಂದು ಭಪ್ಕಾ ಜೋಡಿಸುತ್ತಾನೆ. ಉರಿ ಜೋರಾದರೆ ಮೆತ್ತಿದ ಮಣ್ಣು ಬಿರಿದು ಆವಿ ಸೋರುತ್ತದೆ, ಇಲ್ಲವೇ ತಳದ ಹೂ ಸೀದು ಆ ವಾಸನೆ ಎಣ್ಣೆಗೆ ಅಂಟುತ್ತದೆ. ಸೀದ ವಾಸನೆಯನ್ನು ತೆಗೆಯುವ ದಾರಿ ಮುಂದೆ ಯಾವುದೂ ಇಲ್ಲ.

ರಾತ್ರಿಯಿಡೀ ತಣಿದ ಮೇಲೆ ಎಣ್ಣೆ ಮೇಲೆ ತೇಲುತ್ತದೆ. ಭಪ್ಕಾದ ತಳದ ರಂಧ್ರದಿಂದ ನೀರನ್ನು ಮಾತ್ರ ಹರಿಸಿ, ಅದೇ ನೀರನ್ನು ಮರುದಿನದ ಹೂವಿಗೆ ಹಾಕುತ್ತಾರೆ, ಏಕೆಂದರೆ ಗುಲಾಬಿಯ ಕಂಪಿನಲ್ಲಿ ಒಂದು ಭಾಗ ನೀರಿನಲ್ಲಿ ಕರಗುವಂಥದು. ಚೆಲ್ಲಿದರೆ ಅಷ್ಟೂ ನಷ್ಟ. ಎಣ್ಣೆಯನ್ನು ಬದಲಿಸದೆ ಹೊಸ ಹೂವಿನೊಂದಿಗೆ ಹೀಗೆ ಹಲವು ದಿನ ಇಳಿಸುತ್ತಾರೆ.

ಅಷ್ಟು ದಿನ ಏಕೆ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಒಂದು ಕಿಲೋ ಗುಲಾಬಿ ತೈಲಕ್ಕೆ ಸುಮಾರು 4,000 ಕಿಲೋ ಹೂ ಬೇಕು. ದಿನಕ್ಕೆ 40 ಕಿಲೋ ಹೂವಿನಂತೆ 15 ದಿನ ಇಳಿಸಿದರೆ 600 ಕಿಲೋ ಹೂವಾಯಿತು; ಅದರಿಂದ ಬರುವ ತೈಲ ಸುಮಾರು 150 ಗ್ರಾಂ. ಭಪ್ಕಾದಲ್ಲಿ 5 ಕಿಲೋ ಶ್ರೀಗಂಧದ ಎಣ್ಣೆ ಇದ್ದರೆ ಅದಕ್ಕೆ ಗುಲಾಬಿ ಸೇರಿದ್ದು ನೂರಕ್ಕೆ ಮೂರರಷ್ಟು. ಒಂದೇ ದಿನಕ್ಕೆ ನಿಲ್ಲಿಸಿದ ಅತ್ತರಿನಲ್ಲಿ ಶ್ರೀಗಂಧವಷ್ಟೇ ಮೂಗಿಗೆ ಬರುತ್ತದೆ.

ಕೊನೆಗೆ ಉಳಿದ ತೇವವನ್ನು ತೆಗೆಯಲು ಅತ್ತರನ್ನು ಚರ್ಮದ ಕುಪ್ಪಿಗೆ ತುಂಬಿಡುತ್ತಾರೆ. ಚರ್ಮದ ಮೂಲಕ ನೀರಿನ ಪಸೆ ಜಿನುಗಿ ಆರುತ್ತದೆ, ಎಣ್ಣೆ ಒಳಗೇ ಉಳಿಯುತ್ತದೆ. ಕುಪ್ಪಿ ಎಂಬುದು ನಮಗೂ ಪರಿಚಿತವಾದ ಮಾತು. ನಾವು ಗಾಜಿನದಕ್ಕೆ ಹೇಳುತ್ತೇವೆ, ಅವರು ಚರ್ಮದ್ದಕ್ಕೆ.

ಮದ್ಯಸಾರದ ಸೆಂಟಿನ ದಾರಿ ಬೇರೆ. ಅಲ್ಲಿ ಮೊದಲೇ ಸಿದ್ಧವಾದ ಸುಗಂಧ ದ್ರವ್ಯಗಳನ್ನು ಮದ್ಯಸಾರದಲ್ಲಿ ಕರಗಿಸುತ್ತಾರೆ. ಮದ್ಯಸಾರ 78 ಡಿಗ್ರಿಗೇ ಕುದಿಯುವಂಥದು. ಮೈಮೇಲೆ ಸಿಂಪಡಿಸಿದೊಡನೆ ತಂಪು ಕೊಟ್ಟು ಆರುತ್ತದೆ ಮತ್ತು ಕಂಪನ್ನು ಒಮ್ಮೆಲೇ ಸುತ್ತ ಹರಡುತ್ತದೆ. ಶ್ರೀಗಂಧದ ಎಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಕುದಿಯಲು 300 ಡಿಗ್ರಿಯಷ್ಟು ಬೇಕು, ಹಾಗಾಗಿ ಅದು ಗುಲಾಬಿಯನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನಮ್ಮ ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ನಾಲ್ಕು ಮಾರು ದೂರದವರಿಗೂ ತಿಳಿಯಬೇಕೆಂದರೆ ಅತ್ತರು ಒದಗುವುದಿಲ್ಲ. ಬಿಳಿ ಬಟ್ಟೆಗೆ ತಾಗಿದರೆ ಕಲೆಯೂ ಆಗುತ್ತದೆ. ಅತ್ತರು ನೆನೆಸಿದ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವ ರೂಢಿ ಇದಕ್ಕೆ ಒಳ್ಳೆಯ ಉಪಾಯ.

ಶ್ರೀಗಂಧದ ಎಣ್ಣೆಯ ಬೆಲೆ ಏರಿದಂತೆ ಅದರ ಜಾಗಕ್ಕೆ ವಾಸನೆಯಿಲ್ಲದ ಲಿಕ್ವಿಡ್ ಪ್ಯಾರಾಫಿನ್ ಬಂದಿದೆ. ಒಂದು ಹನಿಯನ್ನು ಗಟ್ಟಿ ಸ್ಪಿರಿಟ್‌ಗೆ ಹಾಕಿ ಕಲಕಿದರೆ ಶ್ರೀಗಂಧದ್ದು ಕರಗಿ ತಿಳಿಯಾಗುತ್ತದೆ. ಪ್ಯಾರಾಫಿನ್ ಮಂಜಾಗಿ, ಆಮೇಲೆ ತಳ ಸೇರುತ್ತದೆ. ಡೈ ಈಥೈಲ್ ಥ್ಯಾಲೇಟ್ ಎಂಬ ಇನ್ನೊಂದು ಬದಲಿ ವಸ್ತು ಸ್ಪಿರಿಟ್‌ನಲ್ಲಿ ಕರಗುವುದರಿಂದ ಈ ಪರೀಕ್ಷೆಗೆ ಸಿಗುವುದಿಲ್ಲ. ಅದು ನೀರಿಗಿಂತ ಭಾರವಾದ್ದರಿಂದ ಲೋಟದ ನೀರಿನಲ್ಲಿ ಮುಳುಗುತ್ತದೆ, ಶ್ರೀಗಂಧದ ಎಣ್ಣೆ ತೇಲುತ್ತದೆ. ಬೆರಕೆ ಅಲ್ಪವಾಗಿದ್ದರೆ ಇದೂ ತಿಳಿಸದು. ಆಗ ಅತ್ತರು ಹಚ್ಚಿದ ಹತ್ತಿಯನ್ನು ಮರುದಿನ ಬೆಳಿಗ್ಗೆ ಮೂಸಿ, ಶ್ರೀಗಂಧ ಎಷ್ಟು ಉಳಿದಿದೆ ಎಂದು ನೋಡಬೇಕು.