ಹಬ್ಬದಿಂದ ಹಿಂದಕ್ಕೆ ಎಣಿಸಿ ಕಂಪನಿ ಆರ್ಡರ್ ಹಿಡಿಯುವ ಬಗೆ: ನನ್ನ ಅನುಭವ

ನಮ್ಮದು ಮರದ ಕೆಲಸ. ಲೇತ್‌ನಲ್ಲಿ ಕಡೆದು ಎಣ್ಣೆ ಪಾಲಿಶ್ ಕೊಟ್ಟ ಪೆನ್ ಸ್ಟ್ಯಾಂಡು, ಮುಚ್ಚಳದ ಡಬ್ಬಿ ಇಂಥವನ್ನು ಮಾಡುತ್ತೇವೆ. ಹಬ್ಬದ ಉಡುಗೊರೆಯಾಗಿ ಇವನ್ನು ಕಂಪನಿಗಳಿಗೆ ಮಾರಬೇಕೆಂದು ಕೂತಾಗ ನಾನು ಮೊದಲು ಗೊತ್ತುಮಾಡಿಕೊಳ್ಳುವುದು ಬೆಲೆಯನ್ನಲ್ಲ, ತಾರೀಖನ್ನು.

ಲೆಕ್ಕ ಹೀಗೆ. ಒಂದು ಕಂಪನಿಗೆ 400 ಪೆನ್ ಸ್ಟ್ಯಾಂಡ್ ಬೇಕು ಅನ್ನಿ. ಬಿರುಕು, ಕಲೆ ಎಂದು ಕೆಲವು ಹೋಗುತ್ತವೆ, ಹಾಗಾಗಿ 420 ಮಾಡಬೇಕು. ನಮ್ಮಲ್ಲಿ ದಿನಕ್ಕೆ 24 ಕಡೆಯಬಹುದು, ಅಂದರೆ 18 ಕೆಲಸದ ದಿನ, ಮೂರು ವಾರ. ಪಾಲಿಶ್ ಮೂರು ಸಲ ಹಚ್ಚಬೇಕು, ಒಂದೊಂದರ ನಡುವೆ ಒಂದು ದಿನ ಒಣಗಬೇಕು, ಆಮೇಲೆ ಎಣ್ಣೆಯ ವಾಸನೆ ಹೋಗಬೇಕು. ಕೊನೆಯ ಕಂತಿಗೆ ಇದೇ ಒಂದು ವಾರ ಹಿಡಿಯುತ್ತದೆ. ಎಷ್ಟು ಜನ ಹೆಚ್ಚುವರಿಯಾಗಿ ಬಂದು ಕೂತರೂ ಈ ವಾರ ಕಡಿಮೆಯಾಗುವುದಿಲ್ಲ. ಲೋಗೋ ಕೊರೆದು ಪ್ಯಾಕ್ ಮಾಡಲು ಇನ್ನೊಂದು ವಾರ, ಕೈಕೊಟ್ಟರೆ ಇರಲಿ ಎಂದು ಮತ್ತೊಂದು. ಒಟ್ಟು ಆರು ವಾರ. ಮಾಲು ಹಬ್ಬಕ್ಕೆ ಎರಡು ವಾರ ಮೊದಲೇ ತಲುಪಿದರೆ ಮಾತ್ರ ಅವರು ತಮ್ಮ ಬೇರೆ ಬೇರೆ ಆಫೀಸುಗಳಿಗೆ ಹಂಚಬಲ್ಲರು. ಹಾಗಾಗಿ ಎಂಟು ವಾರ ಮೊದಲು ಪರ್ಚೇಸ್ ಆರ್ಡರ್ ಕೈಯಲ್ಲಿರಬೇಕು. ಕಂಪನಿಯೊಳಗೆ ಒಪ್ಪಿಗೆ ಸಿಗಲು ನಾನು ಆರು ವಾರ ಇಟ್ಟುಕೊಳ್ಳುತ್ತೇನೆ. ಅಲ್ಲಿಗೆ ಹಬ್ಬಕ್ಕೆ 14 ವಾರ ಇರುವಾಗಲೇ ಮೊದಲ ಸ್ಯಾಂಪಲ್ ಅವರ ಮೇಜಿನ ಮೇಲಿರಬೇಕು.

ಆ ಆರು ವಾರ ಯಾಕೆ ಬೇಕೆಂದರೆ, ವಸ್ತುವನ್ನು ಮೆಚ್ಚುವವರು ಒಬ್ಬರು, ಆರ್ಡರಿಗೆ ಸಹಿ ಹಾಕುವವರು ಇನ್ನೊಬ್ಬರು. ಎಚ್‌ಆರ್‌ನವರಿಗೆ ಇಷ್ಟವಾದರೂ ಪರ್ಚೇಸ್ ವಿಭಾಗ ಮೂರು ಕಡೆಯ ಕೊಟೇಶನ್ ಕೇಳಬಹುದು. ಹೊಸಬರಾದರೆ ವೆಂಡರ್ ನೋಂದಣಿ ಮುಗಿಯದೆ ಆರ್ಡರ್ ಕೊಡದ ಕಂಪನಿಗಳೂ ಇವೆ. ಅದಕ್ಕೆ ಮೊದಲ ಭೇಟಿಯಲ್ಲೇ ಕೇಳಿಬಿಡುತ್ತೇನೆ: "ಬಜೆಟ್ ಮಂಜೂರಾಗಿದೆಯಾ ಮೇಡಂ? ಎಷ್ಟು ಜನರಿಗೆ? ಆರ್ಡರಿಗೆ ಸಹಿ ಯಾರು ಹಾಕ್ತಾರೆ?" ಇವಕ್ಕೆ ಉತ್ತರವಿದ್ದು, ಪ್ಯಾಕಿಂಗ್ ಡಬ್ಬಿಯ ಅಳತೆ ಎಷ್ಟು, ಯಾವ ಆಫೀಸಿಗೆ ಎಷ್ಟು ಕಳಿಸಬೇಕು ಎಂದು ಅವರೇ ಮಾತು ಮುಂದುವರಿಸಿದರೆ ಖರೀದಿ ಮನಸ್ಸಿನಲ್ಲಿದೆ ಎಂದರ್ಥ. ಬರೀ ಕ್ಯಾಟಲಾಗ್ ಮತ್ತು ಕಡಿಮೆ ರೇಟು ಕೇಳಿದರೆ, ಬಹುಶಃ ಮೂರನೆಯ ಕೊಟೇಶನ್ ಭರ್ತಿಗೆ ನಾವು ಬೇಕಾಗಿದ್ದೇವೆ. ಅಲ್ಲಿಗೆ ಕೊಟೇಶನ್ ಕಳಿಸುತ್ತೇನೆ, ಸ್ಯಾಂಪಲ್ ಕಳಿಸುವುದಿಲ್ಲ.

ಸ್ಯಾಂಪಲ್ ಒಂದೇ ಕೊಡುವುದು ಕೈಕೆಲಸದವರಿಗೆ ಅಪಾಯ. ಒಂದು ಮರದ ಗೆರೆ, ಬಣ್ಣ ಇನ್ನೊಂದಕ್ಕಿಲ್ಲ. ಎಲ್ಲಕ್ಕಿಂತ ಚೆಂದದ್ದನ್ನು ತೋರಿಸಿದರೆ ಉಳಿದ 399 ಕೂಡ ಹಾಗೇ ಇರಬೇಕೆಂದು ಅವರು ನಿರೀಕ್ಷಿಸುವುದು ನ್ಯಾಯವೇ. ನಾನು ಎರಡು ಕೊಡುತ್ತೇನೆ, ಕಂತಿನಲ್ಲಿ ಬರಬಹುದಾದ ಅತಿ ತಿಳಿ ಬಣ್ಣದ್ದೊಂದು, ಅತಿ ಗಾಢವಾದದ್ದೊಂದು. "ಇವೆರಡರ ನಡುವೆ ಬರುತ್ತೆ" ಎಂದು ಹೇಳಿ, ಎರಡರ ತಳಕ್ಕೂ ಚೀಟಿ ಅಂಟಿಸಿ ಅವರ ಸಹಿ ಪಡೆದು, ಅಂಥದೇ ಇನ್ನೊಂದು ಜೋಡಿಯನ್ನು ನಮ್ಮಲ್ಲಿ ಇಟ್ಟುಕೊಳ್ಳುತ್ತೇನೆ. ಮರ ಚೆನ್ನಾಗಿ ಒಣಗಿದ್ದೇ ಆಗಬೇಕು. ಹಸಿ ಉಳಿದ ಮರ ನಮ್ಮ ಶೆಡ್ಡಿನಲ್ಲಿ ಸರಿಯಾಗಿಯೇ ಕಾಣುತ್ತದೆ, ಎ.ಸಿ. ಕೋಣೆಗೆ ಹೋದ ಮೇಲೆ ಇನ್ನಷ್ಟು ಒಣಗಿ ಬಾಯಿಯ ಅಂಚಿನಲ್ಲಿ ಸೀಳುತ್ತದೆ.

ರಿಯಾಯಿತಿ ಕೇಳದ ಪರ್ಚೇಸ್ ಅಧಿಕಾರಿ ಅಪರೂಪ. ಆಗ ರೇಟು ಇಳಿಸುವ ಬದಲು ಪ್ಯಾಕಿಂಗ್ ಡಬ್ಬಿಯನ್ನು ಸರಳ ಮಾಡುತ್ತೇನೆ, ಅಥವಾ ಲೋಗೋವನ್ನು ಮರದ ಮೇಲೆ ಕೊರೆಯದೆ ಜೊತೆಗಿಡುವ ಕಾರ್ಡಿನಲ್ಲಿ ಮುದ್ರಿಸುತ್ತೇನೆ. ಲೋಗೋ ಕಾರ್ಡಿನಲ್ಲಿದ್ದರೆ ಆರ್ಡರ್ ರದ್ದಾದರೂ ಮಾಲನ್ನು ಬೇರೆಯವರಿಗೆ ಮಾರಬಹುದು. ಕೊರೆದ ಮಾಲು ಇನ್ನಾರಿಗೂ ಬೇಡ, ಆದ್ದರಿಂದ ಅರ್ಧ ಹಣ ಅಡ್ವಾನ್ಸ್ ಬರದೆ ಲೋಗೋ ಯಂತ್ರಕ್ಕೆ ಒಂದನ್ನೂ ಕಳಿಸುವುದಿಲ್ಲ.

ಅಡ್ವಾನ್ಸ್ ಕೊಡುವ ಪದ್ಧತಿಯೇ ಇಲ್ಲದ ಕಂಪನಿಗಳೂ ಉಂಟು, ಬಿಲ್ ಕೊಟ್ಟು 45 ಅಥವಾ 60 ದಿನ ಕಾಯಬೇಕು. ಅಷ್ಟರಲ್ಲಿ ಹಬ್ಬ ಮುಗಿದೇ ಹೋಗಿರುತ್ತದೆ. ಆ ಹಬ್ಬ ನಮ್ಮ ಕುಶಲಕರ್ಮಿಗಳ ಮನೆಯಲ್ಲೂ ಇದೆ, ಅವರ ಕೂಲಿ ಅದಕ್ಕೆ ಮೊದಲೇ ಕೈಸೇರಬೇಕು. ಹಾಗಾಗಿ ಸಾಲದ ಆರ್ಡರುಗಳಿಗೆ ನಾನೇ ಮಿತಿ ಹಾಕಿಕೊಂಡಿದ್ದೇನೆ. ಅವುಗಳ ಮರ ಮತ್ತು ಕೂಲಿಯ ಖರ್ಚು ನನ್ನಲ್ಲಿರುವ ನಗದಿಗಿಂತ ಹೆಚ್ಚಾದರೆ, ಎಷ್ಟೇ ದೊಡ್ಡ ಹೆಸರಿನ ಕಂಪನಿಯಾದರೂ ಸಂಖ್ಯೆ ಇಳಿಸಲು ಕೇಳುತ್ತೇನೆ.

ಕೊನೆಯ ವಾರದಲ್ಲಿ "ಇನ್ನೂ 40 ಜನ ಸೇರಿದ್ದಾರೆ" ಎಂಬ ಫೋನ್ ಬರುವುದುಂಟು. ಇದಕ್ಕಾಗಿ ಕೊಟೇಶನ್ನಿನಲ್ಲೇ ಒಂದು ಸಾಲು ಬರೆದಿರುತ್ತೇನೆ: ಪಾಲಿಶ್ ಶುರುವಾದ ಮೇಲೆ ಸಂಖ್ಯೆ ಹೆಚ್ಚಿಸಲಾಗದು. ಉಳಿಕೆಯ 20ರಲ್ಲಿ ಚೆನ್ನಾಗಿರುವುದೆಲ್ಲ ಅವರಿಗೇ. ಅದಕ್ಕೂ ಮೀರಿದರೆ ಲೋಗೋ ಇಲ್ಲದ ಸಿದ್ಧ ಡಬ್ಬಿಗಳನ್ನು ತೋರಿಸುತ್ತೇನೆ.